ಸಂಪುಟ, ಸಂಖ್ಯೆ ಸಮೇತ ಬಂದ ಕಟ್ಟುಕತೆಯ ಶಾಸನ: ಚಾಟ್‌ಬಾಟ್ ಇಷ್ಟು ಖಚಿತವಾಗಿ ಹೇಗೆ ಹೇಳುತ್ತದೆ?

ಕತ್ರಿಗುಪ್ಪೆ ಓದುಗಿ

ನಮ್ಮ ಬಡಾವಣೆಯ ಗಣೇಶೋತ್ಸವ ಸಮಿತಿ ಈ ಬಾರಿ ಸ್ಮರಣ ಸಂಚಿಕೆ ತರುತ್ತಿದೆ. ಸಂಪಾದನೆಯ ಹೊಣೆ ನನ್ನದು. ಬಡಾವಣೆಯ ಅಂಚಿನಲ್ಲಿ ಹಳೆಯ ಈಶ್ವರ ದೇವಾಲಯವೊಂದಿದೆ. ಅದರ ಬಗ್ಗೆ ಕಾಲೇಜು ಓದುವ ಹುಡುಗನೊಬ್ಬ ಲೇಖನ ಬರೆದುಕೊಟ್ಟಿದ್ದಾನೆ. ಬರವಣಿಗೆ ಚೆನ್ನಾಗಿದೆ, ಆದರೆ ಈ ಎರಡು ವಾಕ್ಯಗಳ ಮೇಲೆ ನನಗೆ ಅನುಮಾನ ಬಂತು:

‘ಶಕ ವರ್ಷ 1278ರಲ್ಲಿ, ಅಂದರೆ ಕ್ರಿ.ಶ. 1356ರಲ್ಲಿ, ಹೊಯ್ಸಳ ದೊರೆ ಮೂರನೇ ಬಲ್ಲಾಳನು ಈ ದೇವಾಲಯಕ್ಕೆ ಭೂದಾನ ಮಾಡಿದನು. ಇದು ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟ, ಬೆಂಗಳೂರು ತಾಲ್ಲೂಕಿನ 112ನೇ ಶಾಸನದಲ್ಲಿ ದಾಖಲಾಗಿದೆ.’

ಇದನ್ನು ಎಲ್ಲಿಂದ ತೆಗೆದುಕೊಂಡೆ ಎಂದು ಕೇಳಿದರೆ ಚಾಟ್‌ಬಾಟ್ ಕೊಟ್ಟಿತು ಎಂದ. ‘ಇದು ಖಚಿತವೇ ಎಂದು ಮತ್ತೆ ಕೇಳಿದ್ದೆ, ಖಚಿತ ಎಂದೇ ಹೇಳಿತು’ ಎಂದೂ ಸೇರಿಸಿದ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸಂಪುಟ, ತಾಲ್ಲೂಕು, ಸಂಖ್ಯೆ ಎಲ್ಲವನ್ನೂ ಕೊಟ್ಟು ಹೇಳಿದರೆ ಯಾರಾದರೂ ನಂಬುತ್ತಾರೆ. ನನಗೆ ಎರಡು ವಿಷಯ ತಿಳಿಯಬೇಕು. ಇದು ನಿಜವೇ? ನಿಜವಲ್ಲದಿದ್ದರೆ, ಗೊತ್ತಿಲ್ಲ ಎನ್ನುವ ಬದಲು ಇಷ್ಟು ವಿವರವಾಗಿ ಕಟ್ಟಿ ಹೇಳುವುದು ಏಕೆ, ಮತ್ತು ನಮ್ಮಂಥ ಸಾಮಾನ್ಯ ಬಳಕೆದಾರರು ಅದನ್ನು ಹೇಗೆ ತಡೆಯಬೇಕು?

ಶಾಸನಾಸಕ್ತ

ಮೊದಲ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಉಲ್ಲೇಖ ನಿಲ್ಲುವುದಿಲ್ಲ. ಬಿ.ಎಲ್. ರೈಸ್ ಅವರು ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಆವೃತ್ತಿಯಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳಿರುವುದು 9ನೇ ಸಂಪುಟದಲ್ಲಿ, 1905ರದ್ದು. 5ನೇ ಸಂಪುಟ ಹಾಸನ ಜಿಲ್ಲೆಯದು. ಅಲ್ಲಿ ಬೆಂಗಳೂರು ತಾಲ್ಲೂಕನ್ನು ಹುಡುಕಿದರೆ ಸಿಗುವುದಿಲ್ಲ.

ಕಾಲವೂ ಕೂಡಿಬರುವುದಿಲ್ಲ. ಮೂರನೇ ಬಲ್ಲಾಳ ಮಧುರೆಯ ಸುಲ್ತಾನರೊಂದಿಗಿನ ಯುದ್ಧದಲ್ಲಿ ಸೆರೆಸಿಕ್ಕು, 1343ರ ಹೊತ್ತಿಗೆ ಸತ್ತಾಗಿತ್ತು. 1356ರಲ್ಲಿ ವಿಜಯನಗರದ ಬುಕ್ಕರಾಯ ಆಳುತ್ತಿದ್ದ. ಗಮನಿಸಬೇಕಾದದ್ದು ಏನೆಂದರೆ, ಶಕ ವರ್ಷಕ್ಕೆ 78 ಸೇರಿಸಿ ಕ್ರಿಸ್ತಶಕ ಪಡೆಯುವ ಲೆಕ್ಕವನ್ನು ಅದು ಸರಿಯಾಗಿಯೇ ಮಾಡಿದೆ. ಮೂರನೇ ಬಲ್ಲಾಳ ಈ ಸೀಮೆಯನ್ನು ಆಳಿದ್ದೂ ನಿಜ. ಒಂದೊಂದು ತುಣುಕೂ ನಂಬುವಂತೆ ಇದೆ, ಒಟ್ಟಿಗೆ ಇಟ್ಟರೆ ಮಾತ್ರ ಸುಳ್ಳಾಗುತ್ತದೆ.

ಇದರಿಂದ ಆ ದೇವಾಲಯಕ್ಕೆ ಶಾಸನವೇ ಇಲ್ಲ ಎಂದು ತೀರ್ಮಾನಿಸಬೇಡಿ ಮೇಡಂ. ಈ ಉಲ್ಲೇಖ ಸುಳ್ಳು ಎನ್ನುವುದಷ್ಟೇ ಗೊತ್ತಾಗಿದೆ.

ವೈಟ್‌ಫೀಲ್ಡ್ ಟೆಕ್ಕಿ

ಕಾರಣ ಸರಳ. ಅಂತರ್ಜಾಲದಲ್ಲಿ ಸುಳ್ಳು ತುಂಬಿದೆ, ಅದನ್ನೇ ತಿಂದು ಬೆಳೆದ ಯಂತ್ರ ಅದನ್ನೇ ಹೇಳುತ್ತದೆ. ಎರಡನೆಯದಾಗಿ, ಚಾಟ್‌ಬಾಟ್‌ನ ಹಿಂದಿರುವ ಭಾಷಾ ಮಾದರಿಗಳಿಗೆ ಟೆಂಪರೇಚರ್ ಎಂಬ ಸೆಟ್ಟಿಂಗ್ ಇರುತ್ತದೆ. ಅದು ಹೆಚ್ಚಿದ್ದರೆ ಕಲ್ಪನೆ ಹೆಚ್ಚು. ಸೊನ್ನೆಗೆ ಇಳಿಸಿದರೆ ಕಟ್ಟುಕತೆ ನಿಲ್ಲುತ್ತದೆ.

ಪದಗಣಿತ

ನಾನು ಇಂಥ ಭಾಷಾ ಮಾದರಿಗಳ ಪರೀಕ್ಷೆಯ ಕೆಲಸ ಮಾಡುತ್ತೇನೆ. ಟೆಕ್ಕಿಯವರು ಹೇಳಿದ್ದು ಅರ್ಧ ಸರಿ, ಉಳಿದರ್ಧದಲ್ಲೇ ವಿಷಯ ಇದೆ.

ಈ ಶಾಸನದ ಸುಳ್ಳನ್ನು ಅಂತರ್ಜಾಲದಲ್ಲಿ ಯಾರೂ ಬರೆದಿರಲಿಕ್ಕಿಲ್ಲ. ಕಲಿಕೆಗೆ ಕೊಟ್ಟ ಪಠ್ಯವೆಲ್ಲ ಶುದ್ಧ ಸತ್ಯವೇ ಆಗಿದ್ದರೂ ಇದು ಹುಟ್ಟುತ್ತಿತ್ತು. ಮಾದರಿ ಮಾಡುವ ಕೆಲಸ ಒಂದೇ: ಇಲ್ಲಿಯವರೆಗಿನ ಪಠ್ಯವನ್ನು ನೋಡಿ ಮುಂದಿನ ತುಣುಕು ಏನಿರಬಹುದು ಎಂದು ಊಹಿಸುವುದು, ಅದನ್ನು ಬರೆದ ಮೇಲೆ ಅದರ ಮುಂದಿನದನ್ನು ಊಹಿಸುವುದು. ಎಪಿಗ್ರಾಫಿಯಾ ಕರ್ನಾಟಿಕಾದ ಉಲ್ಲೇಖಗಳು ಸಾವಿರಾರು ಲೇಖನಗಳಲ್ಲಿವೆ. ಎಲ್ಲವೂ ಒಂದೇ ಅಚ್ಚಿನವು, ಸಂಪುಟ, ತಾಲ್ಲೂಕು, ಸಂಖ್ಯೆ. ಆ ಅಚ್ಚನ್ನು ಮಾದರಿ ಬಹಳ ಚೆನ್ನಾಗಿ ಕಲಿತಿರುತ್ತದೆ. ಭೂದಾನದ ವಾಕ್ಯ ಹೇಗೆ ಸಾಗಬೇಕು, ಶಕ ವರ್ಷ ಎಲ್ಲಿ ಬರಬೇಕು ಎನ್ನುವುದೂ ಅದಕ್ಕೆ ಕರಗತ. ಆದರೆ ನಿಮ್ಮ ಬಡಾವಣೆಯ ದೇವಾಲಯದ ಸಂಗತಿ ಪಠ್ಯದಲ್ಲಿ ಒಮ್ಮೆ ಬಂದಿರಬಹುದು, ಒಮ್ಮೆಯೂ ಬಾರದೇ ಇರಬಹುದು. ‘ಸಂಪುಟ’ ಎಂದು ಬರೆದ ಮೇಲೆ ಅಲ್ಲಿ ಒಂದು ಅಂಕಿ ಬರಲೇಬೇಕು. ನೆನಪಿನಲ್ಲಿ ಗಟ್ಟಿಯಾದ ಅಂಕಿ ಇಲ್ಲದಿದ್ದರೆ, ಇರಬಹುದಾದವುಗಳಲ್ಲಿ ಒಂದು ಬರುತ್ತದೆ. ವಾಕ್ಯದ ಧಾಟಿಯಲ್ಲಿ ಯಾವ ಬದಲಾವಣೆಯೂ ಆಗುವುದಿಲ್ಲ, ಏಕೆಂದರೆ ಧಾಟಿಯನ್ನು ಅದು ಕಲಿತದ್ದು ಶಾಸನ ಓದಿ ಬರೆದ ವಿದ್ವಾಂಸರಿಂದ. ಅವರು ಖಚಿತವಾಗಿಯೇ ಬರೆಯುತ್ತಿದ್ದರು. ನಮಗೆ ಆತ್ಮವಿಶ್ವಾಸದಂತೆ ಕೇಳಿಸುವುದು ಆ ಬರವಣಿಗೆಯ ಶೈಲಿ. ಮಾದರಿಗೆ ಎಷ್ಟು ಗೊತ್ತಿದೆ ಎಂಬುದನ್ನು ಅದು ಅಳೆಯುವುದಿಲ್ಲ.

ಟೆಂಪರೇಚರ್ ವಿಷಯ. ಸೊನ್ನೆಗೆ ಇಳಿಸಿದರೆ ಮಾದರಿ ಪ್ರತಿ ಹೆಜ್ಜೆಯಲ್ಲೂ ಅತಿ ಸಂಭವನೀಯ ತುಣುಕನ್ನೇ ಆರಿಸುತ್ತದೆ. ಅತಿ ಸಂಭವನೀಯವಾದದ್ದೇ ತಪ್ಪಾಗಿದ್ದರೆ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ತಪ್ಪು ಬರುತ್ತದೆ. ಅದರಿಂದ ನಮಗೆ ನಷ್ಟವೂ ಇದೆ. ಉತ್ತರ ಅಲುಗಾಡುತ್ತಿದೆಯೇ ಎಂದು ನೋಡುವ ಅವಕಾಶ ಹೋಗುತ್ತದೆ. ಅದನ್ನು ಮುಂದೆ ಹೇಳುತ್ತೇನೆ. ಹೇಗಿದ್ದರೂ ಮೊಬೈಲ್ ಆ್ಯಪ್‌ಗಳಲ್ಲಿ ಸಾಮಾನ್ಯ ಬಳಕೆದಾರರ ಕೈಗೆ ಆ ತಿರುಗುಣಿ ಸಿಗುವುದಿಲ್ಲ.

ವೈಟ್‌ಫೀಲ್ಡ್ ಟೆಕ್ಕಿ

ಒಪ್ಪಿದೆ, ಆದರೆ ಅಂತರ್ಜಾಲದ ಸುಳ್ಳಿಗೂ ಪಾಲಿದೆ ಎಂಬುದನ್ನು ಬಿಡಬೇಡಿ. ವೀರಬಲ್ಲಾಳನಿಗೆ ಮುದುಕಿ ಬೆಂದ ಕಾಳು ಕೊಟ್ಟಳು, ಅದರಿಂದ ಬೆಂಗಳೂರು ಎಂಬ ಹೆಸರು ಬಂತು ಎನ್ನುವುದನ್ನು ಎಷ್ಟು ಜನ ಇತಿಹಾಸ ಎಂದೇ ಬರೆದಿಲ್ಲ?

ಪದಗಣಿತ

ನಿಜ, ಅದು ಬೇರೆ ಬಗೆಯ ತಪ್ಪು, ಮತ್ತು ಬಹಳ ಒಳ್ಳೆಯ ಉದಾಹರಣೆ. ಅದಕ್ಕೂ ಬರುತ್ತೇನೆ.

ರಾಜಾಜಿನಗರ ಅಂಗಡಿ

ಚಾಟ್‌ಬಾಟ್ ಬಗ್ಗೆ ಮಾತು ಬಂದದ್ದರಿಂದ ನನ್ನದೂ ಹೇಳುತ್ತೇನೆ. ಒಂದು ಪಾರ್ಸೆಲ್ ಕಂಪನಿಯ ಆ್ಯಪ್‌ನಲ್ಲಿರುವ ಚಾಟ್‌ಬಾಟ್ ‘ನಿಮ್ಮ ಹಣ ವಾರದೊಳಗೆ ಮರಳುತ್ತದೆ’ ಎಂದು ಬರೆದುಕೊಟ್ಟಿತು. ಹಣ ಬರಲಿಲ್ಲ. ಫೋನ್ ಮಾಡಿದರೆ ಅಂಥ ನಿಯಮವೇ ಇಲ್ಲ ಎನ್ನುತ್ತಾರೆ. ಮನುಷ್ಯರೊಂದಿಗೆ ಮಾತನಾಡಬೇಕು ಎಂದು ಎಷ್ಟು ಸಲ ಒತ್ತಿದರೂ ಮತ್ತೆ ಅದೇ ಯಂತ್ರ. ಎಲ್ಲಿ ದೂರು ಕೊಡಬೇಕು?

ಜಯನಗರ ವಕೀಲೆ

ಅಂಗಡಿಯವರೇ, ಇಲ್ಲಿನ ಪ್ರಶ್ನೆ ಬೇರೆ, ಆದರೂ ನಿಮ್ಮದಕ್ಕೂ ಇದಕ್ಕೂ ನಂಟಿದೆ. ಚಾಟ್‌ನ ಸ್ಕ್ರೀನ್‌ಶಾಟ್ ದಿನಾಂಕ ಕಾಣುವಂತೆ ಇಟ್ಟುಕೊಳ್ಳಿ. 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ. ಕೆನಡಾದಲ್ಲಿ ಇಂಥದೇ ಒಂದು ಪ್ರಕರಣ ನಡೆಯಿತು. ಏರ್ ಕೆನಡಾದ ಜಾಲತಾಣದ ಚಾಟ್‌ಬಾಟ್, ಸಾವಿನ ಸಂದರ್ಭದ ರಿಯಾಯಿತಿ ದರಕ್ಕೆ ಪ್ರಯಾಣದ ನಂತರವೂ ಅರ್ಜಿ ಹಾಕಬಹುದು ಎಂದು ತಪ್ಪಾಗಿ ಹೇಳಿತ್ತು. ಚಾಟ್‌ಬಾಟ್ ಹೇಳಿದ್ದಕ್ಕೂ ಕಂಪನಿಯೇ ಹೊಣೆ ಎಂದು ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿತು. ಅದು ಇಲ್ಲಿ ನಮ್ಮನ್ನು ಕಟ್ಟಿಹಾಕುವ ತೀರ್ಪಲ್ಲ, ಆದರೆ ವಾದಕ್ಕೆ ದಾರಿ ತೋರಿಸುತ್ತದೆ.

ಈಗ ಓದುಗಿಯವರ ವಿಷಯಕ್ಕೆ ಬರುತ್ತೇನೆ. ‘ಖಚಿತವೇ ಎಂದು ಮತ್ತೆ ಕೇಳಿದ್ದೆ’ ಎಂಬ ಆ ಹುಡುಗನ ಮಾತು ನಮ್ಮ ವೃತ್ತಿಯವರಿಗೆ ಬಹಳ ಪರಿಚಿತ. 2023ರಲ್ಲಿ ನ್ಯೂಯಾರ್ಕ್‌ನ ವಕೀಲರು ಏವಿಯಾಂಕಾ ವಿಮಾನ ಸಂಸ್ಥೆಯ ವಿರುದ್ಧದ ಮೊಕದ್ದಮೆಯಲ್ಲಿ ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳನ್ನು ಉಲ್ಲೇಖಿಸಿದರು. ಆ ತೀರ್ಪುಗಳು ಇರಲೇ ಇಲ್ಲ. ಇವು ನಿಜವಾದ ಪ್ರಕರಣಗಳೇ ಎಂದು ಅವರು ಅದನ್ನೇ ಕೇಳಿದ್ದರು. ಹೌದು, ಕಾನೂನು ದತ್ತಸಂಚಯಗಳಲ್ಲಿ ಸಿಗುತ್ತವೆ ಎಂಬ ಉತ್ತರ ಬಂದಿತ್ತು. ನ್ಯಾಯಾಧೀಶ ಕ್ಯಾಸ್ಟೆಲ್ ಅವರು 5000 ಡಾಲರ್ ದಂಡ ಹಾಕಿದರು. ದೂರದ ಮಾತು ಎಂದುಕೊಳ್ಳಬೇಡಿ. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಬೆಂಗಳೂರು ಪೀಠ 2024ರ ಡಿಸೆಂಬರ್‌ನಲ್ಲಿ ಕೊಟ್ಟ ಒಂದು ಆದೇಶದಲ್ಲಿ ಅಸ್ತಿತ್ವದಲ್ಲಿಲ್ಲದ ತೀರ್ಪುಗಳ ಉಲ್ಲೇಖವಿದ್ದು, ಕೆಲವೇ ದಿನಗಳಲ್ಲಿ ಆ ಆದೇಶವನ್ನು ಹಿಂಪಡೆಯಬೇಕಾಯಿತು.

ಪದಗಣಿತ

ವಕೀಲರು ಹೇಳಿದ್ದು ಬಹಳ ಮುಖ್ಯ. ‘ಖಚಿತವೇ?’ ಎಂದು ಅದೇ ಸಂಭಾಷಣೆಯಲ್ಲಿ ಕೇಳಿದಾಗ ಮಾದರಿ ಹಿಂದಿರುಗಿ ಗ್ರಂಥಾಲಯಕ್ಕೆ ಹೋಗಿ ನೋಡುವುದಿಲ್ಲ. ತಾನೇ ಬರೆದ ಉತ್ತರ ಈಗ ಅದರ ಮುಂದಿರುವ ಪಠ್ಯದ ಭಾಗ. ಆ ಪಠ್ಯದ ನಂತರ ಏನು ಬರುವುದು ಸಹಜ ಎಂದು ಮತ್ತೆ ಊಹಿಸುತ್ತದೆ. ಹಾಗಾಗಿ ಕೆಲವೊಮ್ಮೆ ಸುಳ್ಳನ್ನು ಸಮರ್ಥಿಸುತ್ತದೆ, ಕೆಲವೊಮ್ಮೆ ಸರಿಯಾದ ಉತ್ತರವನ್ನೇ ‘ಕ್ಷಮಿಸಿ, ತಪ್ಪಾಯಿತು’ ಎಂದು ಬದಲಿಸುತ್ತದೆ. ಎರಡರಿಂದಲೂ ನಮಗೆ ಏನೂ ತಿಳಿಯುವುದಿಲ್ಲ.

ಗೊತ್ತಿಲ್ಲ ಎಂದೇಕೆ ಹೇಳುವುದಿಲ್ಲ ಎಂಬ ಪ್ರಶ್ನೆಗೆ 2025ರ ಸೆಪ್ಟೆಂಬರ್‌ನಲ್ಲಿ ಓಪನ್‌ಎಐನ ಕಲಾಯ್, ಜಾರ್ಜಿಯಾ ಟೆಕ್‌ನ ವೆಂಪಾಲ ಮೊದಲಾದವರು ಬರೆದ ಪ್ರಬಂಧದಲ್ಲಿ ಒಂದು ಉತ್ತರವಿದೆ. ಇದನ್ನು ನಮ್ಮ ಮಕ್ಕಳ ಪರೀಕ್ಷೆಗಳಿಂದ ಹೇಳುವುದು ಸುಲಭ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಗೊತ್ತಿಲ್ಲದ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಖಾಲಿ ಬಿಡುವುದಿಲ್ಲ. ನೀಟ್‌ನಲ್ಲಿ ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಅಲ್ಲಿ ಕುರುಡು ಊಹೆಗೆ ಕೈ ಹಿಂಜರಿಯುತ್ತದೆ. ಮಾದರಿಗಳನ್ನು ಅಳೆಯುವ ಹೆಚ್ಚಿನ ಪರೀಕ್ಷೆಗಳು ಸಿಇಟಿಯಂತೆ ನಡೆಯುತ್ತವೆ. ‘ಗೊತ್ತಿಲ್ಲ’ ಎಂದರೂ ಸೊನ್ನೆ, ತಪ್ಪು ಹೇಳಿದರೂ ಸೊನ್ನೆ. ಅಲ್ಲಿ ಮೇಲೆ ಬರಬೇಕಾದರೆ ಊಹಿಸುವುದೇ ಲಾಭ. ಪಠ್ಯದಲ್ಲಿ ಒಂದೇ ಒಂದು ಸಲ ಕಾಣಿಸುವ ಸಂಗತಿಗಳಲ್ಲಿ, ಅಂದರೆ ಸಾಮಾನ್ಯ ವ್ಯಕ್ತಿಯ ಹುಟ್ಟಿದ ದಿನದಂಥವುಗಳಲ್ಲಿ, ತಪ್ಪು ಹೆಚ್ಚಾಗುವುದು ಗಣಿತದಿಂದಲೇ ಹೊರಡುತ್ತದೆ ಎಂದೂ ಅದೇ ಪ್ರಬಂಧ ವಾದಿಸುತ್ತದೆ.

ಪಿಯು ಉಪನ್ಯಾಸಕ

ಇಪ್ಪತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಪರೀಕ್ಷೆ ನಡೆಸಿದವನಾಗಿ ಕೇಳುತ್ತೇನೆ. ಹಾಗಾದರೆ ಅಂಕ ಕಡಿತದ ಪರೀಕ್ಷೆ ಇಟ್ಟರೆ ಮುಗಿಯಿತಲ್ಲ? ಇಷ್ಟು ತಿಳಿದವರಿಗೆ ಅಷ್ಟು ಮಾಡಲು ಏನು ಕಷ್ಟ?

ಪದಗಣಿತ

ಆ ಪ್ರಬಂಧದ ಸಲಹೆಯೂ ಅದೇ ಸರ್. ಆದರೆ ಎಲ್ಲರೂ ನೋಡುವ ಹೋಲಿಕೆ ಪಟ್ಟಿಗಳು ಬದಲಾಗಬೇಕು. ‘ಗೊತ್ತಿಲ್ಲ’ ಎಂದು ಪದೇ ಪದೇ ಹೇಳುವ ಉಪಕರಣವನ್ನು ಬಳಕೆದಾರರು ಬಿಟ್ಟುಹೋಗುತ್ತಾರೆ ಎಂಬ ಅಂಜಿಕೆಯೂ ಕಂಪನಿಗಳಿಗಿದೆ. ಕಡಿತ ಎಷ್ಟಿರಬೇಕು ಎಂಬುದರಲ್ಲೂ ಒಮ್ಮತವಿಲ್ಲ. ವೈದ್ಯಕೀಯ ಪ್ರಶ್ನೆಗೂ ಪ್ರವಾಸದ ಪ್ರಶ್ನೆಗೂ ಒಂದೇ ದಂಡ ಹಾಕಲಾಗುವುದಿಲ್ಲ.

ಇನ್ನೊಂದು ಕಾರಣವನ್ನೂ ಸೇರಿಸಬೇಕು. 2025ರ ಮಾರ್ಚ್‌ನಲ್ಲಿ ಆಂಥ್ರೋಪಿಕ್‌ನ ಸಂಶೋಧಕರು ತಮ್ಮ ಮಾದರಿಯ ಒಳಗಿನ ಚಲನೆಯನ್ನು ಹಿಂಬಾಲಿಸಿ ನೋಡಿದರು. ಆ ಮಾದರಿಯಲ್ಲಿ ‘ಗೊತ್ತಿಲ್ಲ’ ಎನ್ನುವುದೇ ಮೂಲ ಪ್ರವೃತ್ತಿಯಾಗಿತ್ತು. ಪರಿಚಿತ ಹೆಸರು ಕಂಡಾಗ ಅದು ಅಡಗುತ್ತಿತ್ತು. ಹೆಸರು ಪರಿಚಿತವಾಗಿದ್ದು ಕೇಳಿದ ವಿವರ ಮಾತ್ರ ಗೊತ್ತಿಲ್ಲದಿದ್ದರೆ, ತಡೆ ಹೋಗಿರುತ್ತದೆ, ವಿವರ ಇರುವುದಿಲ್ಲ, ಕಟ್ಟುಕತೆ ಹುಟ್ಟುತ್ತದೆ. ನಿಮ್ಮ ಪ್ರಶ್ನೆಯಲ್ಲಿ ಹೊಯ್ಸಳರು, ಬೆಂಗಳೂರು, ಎಪಿಗ್ರಾಫಿಯಾ ಕರ್ನಾಟಿಕಾ ಎಲ್ಲವೂ ಪರಿಚಿತ ಹೆಸರುಗಳು. ದೇವಾಲಯವೊಂದೇ ಅಪರಿಚಿತ. ಇಲ್ಲೂ ಹೀಗೆಯೇ ಆಗಿರಬಹುದು ಎಂಬುದು ನನ್ನ ಊಹೆ. ಬೇರೆ ಕಂಪನಿಯ ಮಾದರಿಯ ಒಳಗನ್ನು ನಾನು ನೋಡಿಲ್ಲ.

ಕತ್ರಿಗುಪ್ಪೆ ಓದುಗಿ

ಕಾರಣ ಅರ್ಥವಾಯಿತು. ಈಗ ಉಪಾಯ ಹೇಳಿ. ಆ ಹುಡುಗನನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದೇನೆ.

ಪದಗಣಿತ

ಹಾಗಾದರೆ ಒಂದು ಪ್ರಯೋಗ ಮಾಡಿಸಿ. ಹಳೆಯ ಸಂಭಾಷಣೆಯನ್ನು ಮುಂದುವರಿಸಬೇಡಿ. ಹೊಸ ಸಂಭಾಷಣೆ ತೆರೆದು ಅದೇ ಪ್ರಶ್ನೆ ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಿ. ಅದನ್ನು ಮುಚ್ಚಿ ಮತ್ತೊಂದನ್ನು ತೆರೆಯಿರಿ. ಹಳೆಯ ಮಾತುಕತೆಗಳನ್ನು ನೆನಪಿಟ್ಟುಕೊಳ್ಳುವ ಸೌಲಭ್ಯ ಇದ್ದರೆ ಅದನ್ನು ಮೊದಲೇ ನಿಲ್ಲಿಸಿ, ಜಾಲ ಹುಡುಕಾಟವನ್ನೂ ನಿಲ್ಲಿಸಿ. ಜೊತೆಗೆ, ಚೆನ್ನಾಗಿ ದಾಖಲಾಗಿರುವ ಒಂದು ಸಂಗತಿಯನ್ನೂ ಹೀಗೆಯೇ ಕೇಳಿ. ‘ಬೆಂಗಳೂರು ಎಂಬ ಹೆಸರು ಬರುವ ಬೇಗೂರಿನ ಶಾಸನ ಯಾವ ಕಾಲದ್ದು?’ ಎಂದು ಕೇಳಬಹುದು. ಎರಡನ್ನೂ ಹೋಲಿಸಿ ನೋಡಿ.

ಕತ್ರಿಗುಪ್ಪೆ ಓದುಗಿ

ಮಾಡಿದೆವು. ವ್ಯತ್ಯಾಸ ಇಷ್ಟು ಸ್ಪಷ್ಟವಾಗಿರುತ್ತದೆ ಎಂದು ಎಣಿಸಿರಲಿಲ್ಲ. ಬೇಗೂರಿನ ವಿಷಯದಲ್ಲಿ ಪ್ರತಿ ಸಲವೂ ಸುಮಾರು 890, ಗಂಗರ ಕಾಲ, ಬೆಂಗಳೂರು ಕಾಳಗ ಎಂದೇ ಬಂತು. ವಾಕ್ಯಗಳು ಬೇರೆಯಾದರೂ ತಿರುಳು ಒಂದೇ. ನಮ್ಮ ದೇವಾಲಯಕ್ಕೆ ಬಂದರೆ ಒಂದು ಸಲ ಮೂರನೇ ಬಲ್ಲಾಳ, ಇನ್ನೊಂದು ಸಲ ರಾಜೇಂದ್ರ ಚೋಳ, ಮತ್ತೊಂದು ಸಲ ಬುಕ್ಕರಾಯ. ಸಂಪುಟ ಒಮ್ಮೆ 9, ಒಮ್ಮೆ 10. ಶಾಸನದ ಸಂಖ್ಯೆ ಒಂದು ಸಲ ಬಂದದ್ದು ಇನ್ನೊಂದು ಸಲ ಬರಲಿಲ್ಲ. ಆದರೆ ಪ್ರತಿಯೊಂದೂ ಅಷ್ಟೇ ಖಚಿತವಾದ ದನಿಯಲ್ಲಿತ್ತು.

ಪದಗಣಿತ

ಅಲುಗಾಡುತ್ತಿದೆಯೇ ಎಂದು ನೋಡುವುದು ಎಂದೆನಲ್ಲ, ಅದು ಇದೇ. ಗಟ್ಟಿಯಾಗಿ ಕಲಿತದ್ದು ಎಷ್ಟು ಸಲ ಕೇಳಿದರೂ ಅಲ್ಲೇ ನಿಲ್ಲುತ್ತದೆ. ಊಹಿಸಿದ್ದು ಪ್ರತಿ ಸಲವೂ ಬೇರೆ ಕಡೆ ಹೋಗಿ ಬೀಳುತ್ತದೆ. ಹೆಸರು, ಇಸವಿ, ಮೊತ್ತ, ಸೆಕ್ಷನ್ ಸಂಖ್ಯೆ, ಪುಟ ಸಂಖ್ಯೆ ಇಂಥವುಗಳನ್ನೇ ಹೋಲಿಸಿ. ಒಟ್ಟಾರೆ ಅಭಿಪ್ರಾಯ ಒಂದೇ ಆಗಿದೆ ಎಂದು ಸಮಾಧಾನ ಪಡಬೇಡಿ.

ಇದರ ಮಿತಿಯನ್ನೂ ತಿಳಿದುಕೊಳ್ಳಿ. ಉತ್ತರ ಅಲುಗಾಡಿದರೆ ಅದನ್ನು ನಂಬಬಾರದು ಎಂಬುದು ಖಂಡಿತ. ಅಲುಗಾಡದಿದ್ದರೆ ಅದು ಸತ್ಯ ಎಂದಾಗುವುದಿಲ್ಲ. ಟೆಕ್ಕಿಯವರು ಹೇಳಿದ ಬೆಂದ ಕಾಳಿನ ಕಥೆ ಇಲ್ಲಿಗೆ ಬರುತ್ತದೆ. ಅದನ್ನು ಜನ ಸಾವಿರಾರು ಸಲ ಬರೆದಿದ್ದಾರೆ. ಎಷ್ಟು ಹೊಸ ಸಂಭಾಷಣೆ ತೆರೆದರೂ ಅದೇ ಕಥೆ ಬರಬಹುದು. ಆದರೆ ಬೇಗೂರಿನ ಶಾಸನ ಹೊಯ್ಸಳ ಬಲ್ಲಾಳರಿಗಿಂತ ಇನ್ನೂರು ವರ್ಷಕ್ಕೂ ಹಿಂದಿನದು, ಅದರಲ್ಲಿ ಊರಿನ ಹೆಸರು ಆಗಲೇ ಇದೆ. ಎಲ್ಲರೂ ಒಪ್ಪಿಕೊಂಡ ತಪ್ಪನ್ನು ಈ ಪರೀಕ್ಷೆ ಹಿಡಿಯಲಾರದು.

ಶಾಸನಾಸಕ್ತ

ಪ್ರಶ್ನೆ ಕೇಳಿದ ರೀತಿಯ ಬಗ್ಗೆಯೂ ಒಂದು ಮಾತು. ಆ ಹುಡುಗ ಮೊದಲು ಏನೆಂದು ಕೇಳಿದ್ದ?

ಕತ್ರಿಗುಪ್ಪೆ ಓದುಗಿ

‘ಈ ದೇವಾಲಯಕ್ಕೆ ಯಾವ ರಾಜ ದಾನ ಕೊಟ್ಟ? ಶಾಸನದ ಸಂಪುಟ ಮತ್ತು ಸಂಖ್ಯೆಯನ್ನು ತಪ್ಪದೆ ಕೊಡು.’

ಶಾಸನಾಸಕ್ತ

ಅಲ್ಲಿಯೇ ತೊಡಕು. ರಾಜನೊಬ್ಬ ದಾನ ಕೊಟ್ಟ, ಅದಕ್ಕೆ ಶಾಸನವಿದೆ, ಅದು ಅಚ್ಚಾಗಿದೆ ಎಂಬ ಮೂರು ಸಂಗತಿಗಳನ್ನು ಪ್ರಶ್ನೆಯೇ ಒಪ್ಪಿಕೊಂಡಿದೆ. ನಮ್ಮ ಊರುಗಳ ಎಷ್ಟೋ ಗುಡಿಗಳನ್ನು ಕಟ್ಟಿಸಿದವರು ರಾಜರಲ್ಲ, ಗಾವುಂಡರು, ವ್ಯಾಪಾರಿಗಳು, ಊರಿನವರೇ. ಪ್ರಶ್ನೆಯಲ್ಲಿ ರಾಜನನ್ನು ಕೂರಿಸಿದರೆ ಉತ್ತರದಲ್ಲಿ ರಾಜ ಬರುತ್ತಾನೆ.

ಪದಗಣಿತ

ಸರಿಯಾಗಿ ಹೇಳಿದಿರಿ. ಸಂಪುಟವನ್ನು ‘ತಪ್ಪದೆ ಕೊಡು’ ಎಂದು ಒತ್ತಾಯಿಸಿದ್ದೂ ಕಟ್ಟುಕತೆಗೆ ಆಹ್ವಾನ ಕೊಟ್ಟಂತೆ. ಮೂಲ ಕೇಳಿದರೆ ನಿಖರತೆ ಹೆಚ್ಚುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಹುಡುಕಾಟದ ಸೌಲಭ್ಯ ಇಲ್ಲದಾಗ ಮೂಲವನ್ನೂ ಅದು ಊಹಿಸಿಯೇ ಬರೆಯುತ್ತದೆ. ಪ್ರಶ್ನೆಯನ್ನು ಹೀಗೆ ಬದಲಿಸಿ ನೋಡಿ:

```
ಈ ದೇವಾಲಯದ ಇತಿಹಾಸದ ಬಗ್ಗೆ ನಿನಗೆ ನಿರ್ದಿಷ್ಟ ಮಾಹಿತಿ ಇದೆಯೇ, ಇಲ್ಲವೇ?
ಇಲ್ಲದಿದ್ದರೆ ‘ಮಾಹಿತಿ ಇಲ್ಲ’ ಎಂದು ಮಾತ್ರ ಬರೆ. ತಪ್ಪು ಉತ್ತರಕ್ಕಿಂತ ಅದು ನನಗೆ ಉಪಯುಕ್ತ.
ಈ ಬಗೆಯ ಮಾಹಿತಿ ಯಾವ ಗ್ರಂಥಗಳಲ್ಲಿ ಹುಡುಕಬೇಕು ಎಂದು ತಿಳಿಸು.
```

ಕೊನೆಯ ಸಾಲು ನನಗೆ ಮುಖ್ಯ. ಬೆಂಗಳೂರಿನ ಶಾಸನಗಳು ಎಲ್ಲಿ ಅಚ್ಚಾಗಿವೆ ಎಂಬುದು ಬಹಳ ಜನ ಬರೆದ ಸಂಗತಿ, ಅದನ್ನು ಅದು ಸಾಮಾನ್ಯವಾಗಿ ಸರಿಯಾಗಿ ಹೇಳುತ್ತದೆ. ಗ್ರಂಥದೊಳಗಿನ ಸಾಲನ್ನು ನೀವೇ ತೆರೆದು ನೋಡಿ. ‘ಮಾಹಿತಿ ಇಲ್ಲ’ ಎಂಬ ಅನುಮತಿ ಕೊಟ್ಟರೆ ಕಟ್ಟುಕತೆ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಕೆಲವೊಮ್ಮೆ ಗೊತ್ತಿರುವುದಕ್ಕೂ ಇಲ್ಲ ಎನ್ನಬಹುದು. ಆ ನಷ್ಟವನ್ನು ನಾನು ಒಪ್ಪುತ್ತೇನೆ.

ವೈಟ್‌ಫೀಲ್ಡ್ ಟೆಕ್ಕಿ

ಇಷ್ಟೆಲ್ಲ ಏಕೆ? ಜಾಲ ಹುಡುಕಾಟ ಇರುವ ಚಾಟ್‌ಬಾಟ್ ಬಳಸಿದರೆ ಕೊಂಡಿ ಸಮೇತ ಉತ್ತರ ಬರುತ್ತದೆ.

ಜಯನಗರ ವಕೀಲೆ

ಕೊಂಡಿ ಇದೆ ಎಂದರೆ ಆ ಪುಟದಲ್ಲಿ ಆ ಮಾತಿದೆ ಎಂದಲ್ಲ. ನನ್ನ ಕಿರಿಯ ಸಹೋದ್ಯೋಗಿಗಳಿಗೆ ನಾನು ಹೇಳುವುದು ಇಷ್ಟೇ: ಕೊಂಡಿ ತೆರೆಯಿರಿ, ಪುಟದಲ್ಲಿ ಆ ಹೆಸರನ್ನೋ ಅಂಕಿಯನ್ನೋ ಹುಡುಕಿ, ಅದರ ಹಿಂದುಮುಂದಿನ ಸಾಲುಗಳನ್ನೂ ಓದಿ. ಕೆಲವೊಮ್ಮೆ ತೀರ್ಪು ನಿಜವಾಗಿಯೂ ಇರುತ್ತದೆ, ಆದರೆ ಅದು ಹೇಳಿದ್ದು ಇವರು ಬರೆದದ್ದಕ್ಕೆ ವಿರುದ್ಧವಾಗಿರುತ್ತದೆ. ಇಲ್ಲದ ತೀರ್ಪಿಗಿಂತ ಇದನ್ನು ಹಿಡಿಯುವುದು ಕಷ್ಟ.

ಪದಗಣಿತ

ಹುಡುಕಾಟದಿಂದ ಬಹಳ ಸುಧಾರಣೆ ಆಗುತ್ತದೆ, ಟೆಕ್ಕಿಯವರೇ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಹುಡುಕಿದರೂ ಸಿಗದ ವಿಷಯವಿದ್ದಾಗ ಮಾದರಿ ಹತ್ತಿರದ ಇನ್ನೊಂದು ದೇವಾಲಯದ ಪುಟವನ್ನು ತಂದು ಇದಕ್ಕೆ ಹೊಂದಿಸಿಬಿಡುವುದನ್ನು ನೋಡಿದ್ದೇನೆ. ಸೋಮೇಶ್ವರ ಎಂಬ ಹೆಸರಿನ ಗುಡಿ ಹಲಸೂರಿನಲ್ಲೂ ಇದೆ, ಮಡಿವಾಳದಲ್ಲೂ ಇದೆ. ಒಂದರ ಇತಿಹಾಸ ಇನ್ನೊಂದಕ್ಕೆ ಸೇರಿದರೆ ಕೊಂಡಿ ನಿಜ, ಉತ್ತರ ಸುಳ್ಳು.

ಎಲ್ಲಕ್ಕಿಂತ ಭದ್ರವಾದ ದಾರಿ, ಮೂಲ ಪಠ್ಯವನ್ನು ನೀವೇ ಕೊಟ್ಟು ಅದರೊಳಗಿನಿಂದ ಮಾತ್ರ ಉತ್ತರಿಸು ಎನ್ನುವುದು. ಪ್ರತಿ ಉತ್ತರದ ಕೆಳಗೆ ಆಧಾರವಾದ ವಾಕ್ಯವನ್ನು ಇದ್ದಂತೆಯೇ ಬರೆ ಎಂದು ಸೇರಿಸಿ. ಆ ವಾಕ್ಯವನ್ನು ಮೂಲದಲ್ಲಿ ಹುಡುಕಿ ನೋಡುವುದು ಕ್ಷಣದ ಕೆಲಸ. ಸಿಗದಿದ್ದರೆ ಆ ಉತ್ತರವನ್ನು ಬಿಟ್ಟುಬಿಡಿ.

ಪಿಯು ಉಪನ್ಯಾಸಕ

ಇದರಲ್ಲಿ ಒಂದು ಅಪಾಯವಿದೆ, ಕನ್ನಡದವರು ತಿಳಿದಿರಬೇಕು. ಇಲಾಖೆಯ ಸುತ್ತೋಲೆಯ ಪಿಡಿಎಫ್‌ನಿಂದ ಪಠ್ಯ ನಕಲಿಸಿದಾಗ ‘ಬೆಂಗಳೂರು’ ಎಂಬ ಪದ ಹೀಗೆ ಬರುತ್ತದೆ:

```
¨ÉAUÀ¼ÀÆgÀÄ
```

ಕಡತವನ್ನು ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪ್ ಮಾಡಿರುವುದರಿಂದ ಹೀಗಾಗುತ್ತದೆ. ಪರದೆಯ ಮೇಲೆ ಕನ್ನಡ ಕಾಣುತ್ತದೆ, ಒಳಗಿರುವ ಸಂಕೇತಗಳು ಮಾತ್ರ ಬೇರೆ. ನಮ್ಮ ಸಹೋದ್ಯೋಗಿಯೊಬ್ಬರು ಇಂಥ ಕಡತವನ್ನು ಚಾಟ್‌ಬಾಟ್‌ಗೆ ಕೊಟ್ಟು ಸಾರಾಂಶ ಕೇಳಿದ್ದರು. ಓದಲಾಗುತ್ತಿಲ್ಲ ಎನ್ನುವ ಬದಲು ಅದು ಒಳ್ಳೆಯ ಕನ್ನಡದಲ್ಲಿ ಸಾರಾಂಶ ಬರೆಯಿತು. ಅದರಲ್ಲಿದ್ದ ಕೊನೆಯ ದಿನಾಂಕ ಸುತ್ತೋಲೆಯಲ್ಲಿ ಎಲ್ಲಿಯೂ ಇರಲಿಲ್ಲ.

ಪದಗಣಿತ

ಇದನ್ನು ಹೇಳಿದ್ದಕ್ಕೆ ಧನ್ಯವಾದ ಸರ್. ನಕಲಿಸಿದ ಪಠ್ಯವನ್ನು ಮೊದಲು ಟಿಪ್ಪಣಿಯ ಪುಟವೊಂದಕ್ಕೆ ಅಂಟಿಸಿ, ಕನ್ನಡವಾಗಿಯೇ ಕಾಣುತ್ತದೆಯೇ ನೋಡಿ. ಇಲ್ಲದಿದ್ದರೆ ಯೂನಿಕೋಡ್‌ಗೆ ಪರಿವರ್ತಿಸಿ ಕೊಡಿ. ಸ್ಕ್ಯಾನ್ ಮಾಡಿದ ಪುಟವಾದರೆ ಅಂಕಿಗಳನ್ನೂ ಒತ್ತಕ್ಷರಗಳನ್ನೂ ನೀವೇ ಒಮ್ಮೆ ತಾಳೆ ನೋಡಬೇಕು. ಉದ್ಧರಿಸಿದ ವಾಕ್ಯ ಮೂಲದಲ್ಲಿ ಇದೆಯೇ ಎಂದು ಹುಡುಕುವ ಕ್ರಮ ಇಲ್ಲೂ ಕಾಪಾಡುತ್ತದೆ.

ಅಮ್ಮನ ಜೊತೆಗಿರುವವನು

ನನ್ನ ತಾಯಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ. ಮಾತ್ರೆಯ ಪ್ರಮಾಣವನ್ನು ಚಾಟ್‌ಬಾಟ್‌ನಲ್ಲಿ ಹೊಸ ಹೊಸ ಸಂಭಾಷಣೆ ತೆರೆದು ಕೇಳಿದರೆ, ಎಲ್ಲದರಲ್ಲೂ ಒಂದೇ ಉತ್ತರ ಬಂದಾಗ ನಂಬಬಹುದೇ?

ಪದಗಣಿತ

ಬೇಡ. ಸಾಮಾನ್ಯ ಪ್ರಮಾಣ ಎಷ್ಟು ಎಂಬುದಕ್ಕೆ ಉತ್ತರ ಸ್ಥಿರವಾಗಿಯೇ ಬರಬಹುದು, ಏಕೆಂದರೆ ಅದು ಎಲ್ಲೆಡೆ ಬರೆದಿರುವ ಸಂಗತಿ. ನಿಮ್ಮ ತಾಯಿಯ ಮೂತ್ರಪಿಂಡ ಹೇಗಿದೆ, ಬೇರೆ ಯಾವ ಮಾತ್ರೆ ನಡೆಯುತ್ತಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಉತ್ತರ ಸರಿಯಾಗಿದ್ದರೂ ಅವರಿಗೆ ತಪ್ಪಾಗಬಹುದು. ವೈದ್ಯರ ಚೀಟಿಯಲ್ಲಿ ಇರುವುದೇ ಪ್ರಮಾಣ. ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳ ಪಟ್ಟಿ ಮಾಡಿಕೊಳ್ಳಲು ಚಾಟ್‌ಬಾಟ್ ಬಳಸಿ, ಅದು ಉಪಯೋಗಕ್ಕೆ ಬರುತ್ತದೆ.

ವೈಟ್‌ಫೀಲ್ಡ್ ಟೆಕ್ಕಿ

ಕನ್ನಡದಲ್ಲಿ ಕೇಳಿದರೆ ತಪ್ಪು ಹೆಚ್ಚು, ಇಂಗ್ಲಿಷ್‌ನಲ್ಲಿ ಕೇಳಿ ಎನ್ನುವುದು ನನ್ನ ಸಲಹೆ.

ಶಾಸನಾಸಕ್ತ

ನಾನು ಒಪ್ಪುವುದಿಲ್ಲ. ಇಂಗ್ಲಿಷ್‌ನಲ್ಲಿ ಕೇಳಿದರೆ ಊರಿನ ಹೆಸರುಗಳೇ ಕಲಸಿಹೋಗುತ್ತವೆ. ಹಳ, ಹಾಳ ಎರಡೂ ಒಂದೇ ಕಾಗುಣಿತಕ್ಕೆ ಬೀಳುತ್ತವೆ. ಸ್ಥಳೀಯ ಇತಿಹಾಸ ಕನ್ನಡದಲ್ಲೇ ಹೆಚ್ಚು ಬರೆದಿರುವುದು.

ಪದಗಣಿತ

ಇಬ್ಬರ ಮಾತಿನಲ್ಲೂ ಹುರುಳಿದೆ. ಕಲಿಕೆಯ ಪಠ್ಯದಲ್ಲಿ ಕನ್ನಡದ ಪಾಲು ಇಂಗ್ಲಿಷ್‌ಗೆ ಹೋಲಿಸಿದರೆ ಬಹಳ ಸಣ್ಣದು, ಆದ್ದರಿಂದ ಜಗತ್ತಿನ ಸಾಮಾನ್ಯ ಸಂಗತಿಗಳಿಗೆ ಇಂಗ್ಲಿಷ್ ಉತ್ತರ ಗಟ್ಟಿಯಾಗಿರುವುದು ಹೆಚ್ಚು. ನಮ್ಮ ಊರಿನ ಸಂಗತಿಗಳಿಗೆ ಯಾವುದು ಮೇಲು ಎಂದು ನಾನು ಹೇಳಲಾರೆ. ನಾನಾದರೆ ಎರಡರಲ್ಲೂ ಕೇಳಿ ಅಂಕಿಗಳನ್ನು ಹೋಲಿಸುತ್ತೇನೆ. ಎರಡೂ ಬೇರೆಯಾದರೆ ಯಾವುದನ್ನೂ ತೆಗೆದುಕೊಳ್ಳುವುದಿಲ್ಲ.

ಕತ್ರಿಗುಪ್ಪೆ ಓದುಗಿ

ಹುಡುಗ ಲೇಖನವನ್ನು ತಿದ್ದಿದ್ದಾನೆ. ರಾಜ, ಶಕ ವರ್ಷ, ಸಂಪುಟ ಮೂರನ್ನೂ ತೆಗೆದಿದ್ದಾನೆ. ಅರ್ಚಕರ ಮನೆಯವರು ಹೇಳಿದ್ದನ್ನು ‘ಮನೆತನದ ಹೇಳಿಕೆ’ ಎಂದೇ ಬರೆದಿದ್ದಾನೆ. ಒಂದು ವಿಷಯ ಉಳಿದಿದೆ. ಗುಡಿಯ ಹಿಂದಿನ ಚರಂಡಿಯ ಪಕ್ಕ ಅರ್ಧ ಹೂತ ಕಲ್ಲೊಂದಿದ್ದು, ಅದರ ಮೇಲೆ ಅಕ್ಷರಗಳಿವೆ. ಹುಡುಗ ಫೋಟೋ ತೆಗೆದಿದ್ದಾನೆ. ಚಾಟ್‌ಬಾಟ್‌ಗೆ ಕೊಟ್ಟು ಓದಿಸಬಹುದೇ ಎಂದು ಕೇಳುತ್ತಿದ್ದಾನೆ.

ಪದಗಣಿತ

ಈ ಹಂತದಲ್ಲಿ ಕೊಡಬೇಡಿ. ಸವೆದ ಹಳಗನ್ನಡ ಲಿಪಿಯಲ್ಲಿ ನಾಲ್ಕು ಅಕ್ಷರ ಗುರುತಿಸಿದರೂ ಸಾಕು, ಉಳಿದ ಸಾಲುಗಳನ್ನು ದಾನಶಾಸನದ ಅಚ್ಚಿನಲ್ಲಿ ತುಂಬಿಬಿಡುತ್ತದೆ. ಮೊದಲು ಬಂದ ಉತ್ತರಕ್ಕೂ ಇದಕ್ಕೂ ವ್ಯತ್ಯಾಸ ಇರುವುದಿಲ್ಲ. ಒಮ್ಮೆ ಹಾಗೆ ಓದಿದ ಮೇಲೆ ನಮ್ಮ ಕಣ್ಣಿಗೂ ಕಲ್ಲಿನಲ್ಲಿ ಅದೇ ಕಾಣತೊಡಗುತ್ತದೆ.

ಶಾಸನಾಸಕ್ತ

ಮೊದಲು ಅದು 9ನೇ ಸಂಪುಟದಲ್ಲಿ ಅಚ್ಚಾಗಿದೆಯೇ ನೋಡೋಣ. ಬೆಂಗಳೂರು ತಾಲ್ಲೂಕಿನ ಭಾಗದಲ್ಲಿ ನಿಮ್ಮ ಹಳ್ಳಿಯ ಹಳೆಯ ಹೆಸರನ್ನು ಹುಡುಕಬೇಕು, ಬಡಾವಣೆಯ ಈಗಿನ ಹೆಸರು ಅಲ್ಲಿರುವುದಿಲ್ಲ. ಇಲ್ಲದಿದ್ದರೆ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರಿಗೆ ಫೋಟೋ ಮತ್ತು ಸ್ಥಳದ ವಿವರ ಕೊಡಿ. ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಓದುವ ಕೆಲಸ ಅವರಲ್ಲಿ ನಡೆದಿದೆ. ಹೆಬ್ಬಾಳದ ಕಿತ್ತಯ್ಯನ ಶಾಸನವೂ 2018ರಲ್ಲಿ ಹೀಗೆಯೇ ಅಗೆತದ ನಡುವೆ ಸಿಕ್ಕಿದ್ದು. ಅಲ್ಲಿಯವರೆಗೆ ಕಲ್ಲನ್ನು ತೊಳೆಯಲು ತಂತಿಯ ಬ್ರಷ್ ಬಳಸಬೇಡಿ, ಸುಣ್ಣವನ್ನೂ ಬಳಿಯಬೇಡಿ. ಹಳ್ಳಿಯ ಹಳೆಯ ಹೆಸರು ಏನು ಎಂದು ಅರ್ಚಕರ ಮನೆ ಹಿರಿಯರನ್ನು ಕೇಳಿ ಇಲ್ಲಿ ಬರೆಯಿರಿ, ಸಂಪುಟ ನನ್ನ ಬಳಿ ಇದೆ.